ಫಾರ್ಮ್ ನೂರು, ವ್ಯಾಪಾರ ಎರಡು

ಮಾಡ್ಯುಲರ್ ಕಿಚನ್ ಮಾರುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಗೂಗಲ್‌ನಲ್ಲಿ ಎರಡು ಜಾಹೀರಾತು, ತಲಾ 50,000 ರೂಪಾಯಿ ಖರ್ಚು. ಮೊದಲನೆಯದರಿಂದ 100 ಜನ ವಿಚಾರಣೆ ಫಾರ್ಮ್ ತುಂಬಿದರು, ಎರಡನೆಯದರಿಂದ ಬರೀ 40. ಗೂಗಲ್ ಕಣ್ಣಿಗೆ ಮೊದಲನೆಯದೇ ಗೆದ್ದ ಕುದುರೆ. ಆದರೆ ಅಂಗಡಿಯ ಲೆಕ್ಕದಲ್ಲಿ ಮೊದಲನೆಯದರಿಂದ ಕುದುರಿದ್ದು 2 ಆರ್ಡರ್, 3 ಲಕ್ಷ. ಎರಡನೆಯದರಿಂದ 6 ಆರ್ಡರ್, 12 ಲಕ್ಷ. ಹಣ ಕೈ ಸೇರಿದ್ದು ಶೋರೂಮಿನಲ್ಲಿ. ಅದು ಗೂಗಲ್‌ಗೆ ಹೇಗೆ ಗೊತ್ತಾಗಬೇಕು?

ನಾವೇ ತಿಳಿಸಬೇಕು. ಆಟೋ-ಟ್ಯಾಗಿಂಗ್ ಆನ್ ಇದ್ದರೆ, ಜಾಹೀರಾತು ಒತ್ತಿದವರ ವಿಳಾಸಪಟ್ಟಿಯ ಕೊನೆಗೆ `gclid` ಎಂಬ ಉದ್ದನೆಯ ಗುರುತು ಅಂಟಿಕೊಂಡು ಬರುತ್ತದೆ. ಫಾರ್ಮಿನ ಅಡಗಿದ ಖಾನೆಯೊಂದು ಅದನ್ನು ಹಿಡಿದು, ಹೆಸರು, ಫೋನಿನ ಜೊತೆ ಗ್ರಾಹಕರ ದಾಖಲೆಗೆ ಸೇರಿಸಬೇಕು. ಆರ್ಡರ್ ಆದ ದಿನ ಆ ಗುರುತು, ಸಮಯ, ಮೊತ್ತವನ್ನು ಗೂಗಲ್‌ಗೆ ವಾಪಸ್ ಕಳಿಸಿದರಾಯಿತು.

ಎಡವುವುದು ಸಣ್ಣ ವಿಷಯಗಳಲ್ಲೇ. ಗುರುತಿನ ದೊಡ್ಡಕ್ಷರ ಸಣ್ಣಕ್ಷರವಾದರೂ, ಖಾನೆ ಚಿಕ್ಕದಾಗಿ ಬಾಲ ಕತ್ತರಿಸಿಹೋದರೂ ಕ್ಲಿಕ್ ಸಿಗುವುದಿಲ್ಲ. ಅಪ್‌ಲೋಡ್ ವರದಿಯಲ್ಲಿ ಆ ಸಾಲುಗಳು ದೋಷವೆಂದು ಕಾಣುತ್ತವೆ. ಇನ್ನೊಂದು ತೊಡಕು, 90 ದಿನ ದಾಟಿದ ಕ್ಲಿಕ್ಕನ್ನು ಗೂಗಲ್ ಒಪ್ಪುವುದಿಲ್ಲ. ಅಡುಗೆಮನೆಗೆ ಮುಹೂರ್ತ ನೋಡಿ, ಮನೆಮಂದಿಯೆಲ್ಲ ಒಪ್ಪುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿರಬಹುದು! ಅಂಥವರು ಅಳತೆಗೆ ಹೋದ ದಿನವನ್ನೋ ಮುಂಗಡ ಬಂದ ದಿನವನ್ನೋ ಅಂದಾಜು ಮೊತ್ತದೊಂದಿಗೆ ಕಳಿಸುವುದು ಲೇಸು.