ರಜೆ ಬಿಟ್ಟು ದಿನ ಎಣಿಸುವ ಸೂತ್ರ

2025ರ ಸೆಪ್ಟೆಂಬರ್ 29, ಸೋಮವಾರ. ಮುದ್ರಣಾಲಯವೊಂದಕ್ಕೆ ಕೆಲಸ ಬಂತು. ಹತ್ತು ಕೆಲಸದ ದಿನಗಳಲ್ಲಿ ಮುಗಿಸಬೇಕು. ನಡುವೆ ಆಯುಧಪೂಜೆ, ಗಾಂಧಿ ಜಯಂತಿ, ವಾಲ್ಮೀಕಿ ಜಯಂತಿ. ಕ್ಯಾಲೆಂಡರ್ ಹಿಡಿದು ಬೆರಳು ಮಡಚಿದರೆ ಒಂದಾದರೂ ದಿನ ತಪ್ಪುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ A2ರಲ್ಲಿ ಆರಂಭದ ದಿನಾಂಕ, B2ರಲ್ಲಿ 10, E2ರಿಂದ E4ರವರೆಗೆ ಆ ಮೂರು ರಜೆಗಳ ದಿನಾಂಕ ಬರೆದು ಹೀಗೆ ಟೈಪಿಸಬೇಕು:

```
=WORKDAY(A2,B2,$E$2:$E$4)
```

ಉತ್ತರ ಅಕ್ಟೋಬರ್ 16. ರಜೆಪಟ್ಟಿ ಕೊಡದಿದ್ದರೆ 13 ಬರುತ್ತಿತ್ತು. ಆರಂಭದ ದಿನವನ್ನು ಸೂತ್ರ ಎಣಿಸುವುದಿಲ್ಲ. 30ನೇ ತಾರೀಖೇ ಮೊದಲ ದಿನ. 45946 ಎಂಬ ಅಂಕಿ ಕಂಡರೆ ಗಾಬರಿ ಬೇಡ, ಕೋಶದ ಫಾರ್ಮ್ಯಾಟನ್ನು ದಿನಾಂಕಕ್ಕೆ ಬದಲಿಸಿದರೆ ಸಾಕು. ಡಾಲರ್ ಗುರುತು ಇರುವುದರಿಂದ ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದರೂ ಪಟ್ಟಿ ಜಾರುವುದಿಲ್ಲ.

ಈ ಸೂತ್ರ ಶನಿವಾರ, ಭಾನುವಾರ ಎರಡನ್ನೂ ರಜೆ ಎಂದೇ ಹಿಡಿಯುತ್ತದೆ. ಶನಿವಾರವೂ ದುಡಿಯುವವರಿಗೆ ಇದರ ಸೋದರ ಸೂತ್ರವಿದೆ. ಅದರಲ್ಲಿ 11 ಎಂದರೆ ಭಾನುವಾರ ಮಾತ್ರ ರಜೆ:

```
=WORKDAY.INTL(A2,B2,11,$E$2:$E$4)
```

ಆಗ ಅಕ್ಟೋಬರ್ 14 ಬರುತ್ತದೆ. ಎರಡನೇ ಶನಿವಾರ ಬಾಗಿಲು ಹಾಕುವ ಕಚೇರಿಯಾದರೆ 11ನೇ ತಾರೀಖನ್ನೂ E5ರಲ್ಲಿ ಸೇರಿಸಿ, ಸೂತ್ರದ $E$4 ಅನ್ನು $E$5 ಮಾಡಬೇಕು. ಗಡುವು 15ಕ್ಕೆ ಸರಿಯುತ್ತದೆ.

ನಿಜವಾದ ಅಪಾಯ ಬೇರೆಯೇ ಇದೆ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ 2-10-2025 ಅನ್ನು ಫೆಬ್ರುವರಿ 10 ಎಂದು ಓದುತ್ತದೆ. ಯಾವ ದೋಷಸೂಚನೆಯೂ ಇಲ್ಲದೆ ಗಡುವು ಹಿಂದಕ್ಕೆ ಬರುತ್ತದೆ. ರಜೆಪಟ್ಟಿಯಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ ಫಾರ್ಮ್ಯಾಟ್ ಇಟ್ಟು, ಒಮ್ಮೆ ಕಣ್ಣಾಡಿಸಿ.