ಕಚ್ಚುವ ಮೊದಲು ಬೆಕ್ಕು ಹೇಳುವುದು

ಬೆಕ್ಕು ಸಾಕಿದವರ ಬಾಯಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ. ‘ತೊಡೆಯ ಮೇಲೆ ಹಾಯಾಗಿ ಮಲಗಿತ್ತು, ಗೊರಗೊರ ಅನ್ನುತ್ತಿತ್ತು, ಮೈ ಸವರುತ್ತಾ ಇದ್ದೆ, ಇದ್ದಕ್ಕಿದ್ದಂತೆ ಕೈ ಹಿಡಿದು ಕಚ್ಚಿಬಿಟ್ಟಿತು.’ ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಂಡದ್ದು ಅಷ್ಟೇ. ಆದರೆ ಆ ಕಡಿತಕ್ಕೆ ಮುಂಚಿನ ಅರ್ಧ ನಿಮಿಷವನ್ನು ಮೊಬೈಲಿನಲ್ಲಿ ಚಿತ್ರಿಸಿ ನಿಧಾನವಾಗಿ ನೋಡಿದರೆ, ಬೆಕ್ಕು ಒಂದಲ್ಲ, ನಾಲ್ಕೈದು ಸಲ ‘ಸಾಕು’ ಎಂದು ಹೇಳಿರುವುದು ಬಹುಮಟ್ಟಿಗೆ ಕಂಡೇ ಕಾಣುತ್ತದೆ.

ಮೊದಲು ಗೊರಗೊರ ನಿಲ್ಲುತ್ತದೆ. ಬಾಲದ ತುದಿ ಸಣ್ಣಗೆ ಅಲ್ಲಾಡತೊಡಗುತ್ತದೆ. ನಾಯಿ ಬಾಲ ಆಡಿಸುವುದನ್ನು ನೋಡಿ ಬೆಳೆದ ನಮಗೆ ಇದು ಸಂತೋಷದಂತೆ ತೋರುತ್ತದೆ, ಬೆಕ್ಕಿನಲ್ಲಿ ಅದು ಕಿರಿಕಿರಿಯ ಮೊದಲ ಗುರುತು. ಆಮೇಲೆ ಬೆನ್ನಿನ ಚರ್ಮ ಅಲೆಯಂತೆ ಒಮ್ಮೆ ನಡುಗುತ್ತದೆ. ಕಿವಿಗಳು ಮುಂದಿನಿಂದ ಪಕ್ಕಕ್ಕೆ ತಿರುಗುತ್ತವೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಸಡಿಲವಾಗಿದ್ದ ಮೈ ಬಿಗಿಯುತ್ತದೆ. ಕೊನೆಗೆ ತಲೆ ಥಟ್ಟನೆ ಕೈಯ ಕಡೆ ತಿರುಗುತ್ತದೆ. ಅಷ್ಟರಲ್ಲೂ ಕೈ ನಿಲ್ಲದಿದ್ದರೆ ಹಲ್ಲು ಬರುತ್ತದೆ. ಮೊದಲ ಗುರುತಿನಿಂದ ಕಡಿತದವರೆಗೆ ಕೆಲವು ಬೆಕ್ಕುಗಳು ನಿಮಿಷ ತೆಗೆದುಕೊಳ್ಳುತ್ತವೆ, ಕೆಲವು ಬರೀ ನಾಲ್ಕೈದು ಸೆಕೆಂಡು. ಟೀವಿ ನೋಡುತ್ತಾ ಅಥವಾ ಫೋನಿನಲ್ಲಿ ಮಾತಾಡುತ್ತಾ ಬೆಕ್ಕನ್ನು ಸವರುವವರೇ ಹೆಚ್ಚಾಗಿ ಕಚ್ಚಿಸಿಕೊಳ್ಳುವುದು ಇದೇ ಕಾರಣಕ್ಕೆ. ಕೈ ಬೆಕ್ಕಿನ ಮೇಲಿರುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ.

ಪ್ರೀತಿಯಿಂದ ಸವರಿದರೆ ಬೆಕ್ಕಿಗೆ ಯಾಕೆ ಸಿಟ್ಟು ಬರಬೇಕು? ಬೆಕ್ಕುಗಳು ತಮ್ಮತಮ್ಮಲ್ಲಿ ಹೇಗೆ ಮುಟ್ಟಿಕೊಳ್ಳುತ್ತವೆ ಎಂದು ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ. ಹೊಂದಿಕೊಂಡಿರುವ ಎರಡು ಬೆಕ್ಕುಗಳು ಒಂದನ್ನೊಂದು ನೆಕ್ಕುವುದು ಹೆಚ್ಚಾಗಿ ತಲೆ ಮತ್ತು ಕುತ್ತಿಗೆಯನ್ನು, ಅದೂ ಸ್ವಲ್ಪ ಹೊತ್ತು. ನೆತ್ತಿಯಿಂದ ಬಾಲದ ತನಕ ಒಂದೇ ಸಮನೆ, ಹತ್ತು ನಿಮಿಷ ಸವರುವ ಪದ್ಧತಿ ಅವುಗಳ ಬಾಳಿನಲ್ಲಿ ಇಲ್ಲವೇ ಇಲ್ಲ. ಅದು ಮನುಷ್ಯರ ಪದ್ಧತಿ. ಯಾವ ಜಾಗ ಮುಟ್ಟಿದರೆ ಬೆಕ್ಕು ಹೇಗೆ ನಡೆದುಕೊಳ್ಳುತ್ತದೆ ಎಂದು ಬ್ರಿಟನ್ನಿನಲ್ಲಿ ನಡೆದ ಅಧ್ಯಯನಗಳಲ್ಲೂ ಬಾಲದ ಬುಡದ ಸುತ್ತ ಮುಟ್ಟಿದಾಗಲೇ ಅಸಹನೆ ಹೆಚ್ಚು ಕಂಡಿತು. ಕೆನ್ನೆ, ಗಲ್ಲದ ಅಡಿ, ಕಿವಿಯ ಬುಡ, ಕಣ್ಣು ಕಿವಿಗಳ ನಡುವಿನ ಜಾಗ, ಇವು ಬಹುತೇಕ ಬೆಕ್ಕುಗಳಿಗೆ ಇಷ್ಟ. ವಾಸನೆಯ ಗ್ರಂಥಿಗಳಿರುವ ಈ ಜಾಗಗಳನ್ನೇ ಅವು ತಾವಾಗಿ ಬಾಗಿಲಿಗೆ, ಕುರ್ಚಿಗೆ, ನಮ್ಮ ಕಾಲಿಗೆ ಉಜ್ಜುವುದು.

ಜಾಗ ಸರಿಯಿದ್ದರೂ ಹೊತ್ತು ಮೀರಿದರೆ ಕಷ್ಟ. ಒಂದೇ ಕಡೆ ಮತ್ತೆ ಮತ್ತೆ ಬೀಳುವ ಸ್ಪರ್ಶ ಒಂದು ಹಂತದ ತನಕ ಹಿತವಾಗಿರುತ್ತದೆ, ದಾಟಿದರೆ ಅದೇ ಸ್ಪರ್ಶ ಚುಚ್ಚತೊಡಗುತ್ತದೆ. ಈ ಮಿತಿ ಬೆಕ್ಕಿನಿಂದ ಬೆಕ್ಕಿಗೆ ಬೇರೆ. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದ ಒಳಗೆ ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಮರಿಗಳು ಸಾಮಾನ್ಯವಾಗಿ ಹೆಚ್ಚು ತಾಳುತ್ತವೆ. ಬೀದಿಯಲ್ಲಿ ಬೆಳೆದು ಆಮೇಲೆ ಮನೆ ಸೇರಿದವು ಕಡಿಮೆ. ಇದರಲ್ಲಿ ಬೆಕ್ಕಿನ ತಪ್ಪೂ ಇಲ್ಲ, ಸಾಕಿದವರ ಪ್ರೀತಿಯ ಕೊರತೆಯೂ ಇಲ್ಲ. ಹೊಟ್ಟೆಯ ವಿಷಯವೂ ಹಾಗೆಯೇ. ಬೆಕ್ಕು ಅಂಗಾತ ಹೊರಳಿ ಹೊಟ್ಟೆ ತೋರಿಸಿದರೆ ನಿಮ್ಮ ಮುಂದೆ ತನಗೆ ಭಯವಿಲ್ಲ ಎಂದಷ್ಟೇ ಅರ್ಥ. ಅಲ್ಲಿಗೆ ಕೈ ಹಾಕಿದರೆ ಹೆಚ್ಚಿನವು ಮುಂಗಾಲಲ್ಲಿ ಹಿಡಿದು ಹಿಂಗಾಲಲ್ಲಿ ಒದೆಯುತ್ತವೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಬ್ಯಾಟರ್ಸೀ ಎಂಬ ಪ್ರಾಣಿ ಆಶ್ರಯಧಾಮದಲ್ಲಿ ಇದಕ್ಕೊಂದು ಸರಳ ಕ್ರಮವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಮುಟ್ಟಿಸಿಕೊಳ್ಳಬೇಕೇ ಬೇಡವೇ ಎಂಬ ಆಯ್ಕೆಯನ್ನು ಬೆಕ್ಕಿಗೇ ಬಿಡುವುದು, ಅದರ ಮೈಭಾಷೆಯ ಮೇಲೆ ಕಣ್ಣಿಡುವುದು, ಅದು ಇಷ್ಟಪಡುವ ಜಾಗವನ್ನಷ್ಟೇ ಮುಟ್ಟುವುದು. ಜನರಿಗೆ ಸ್ವಲ್ಪ ಹೊತ್ತು ಇಷ್ಟನ್ನು ಕಲಿಸಿ ಕಳಿಸಿದಾಗ ಬೆಕ್ಕುಗಳ ಸಿಡುಕು ಇಳಿಯಿತು, ಅವು ತಾವಾಗಿ ಹತ್ತಿರ ಬರುವುದು ಹೆಚ್ಚಿತು. ಮನೆಯಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಬೆಕ್ಕಿನ ಮೂಗಿನ ಮಟ್ಟಕ್ಕೆ ಬೆರಳು ಚಾಚಿ ಕಾಯಿರಿ. ಅದು ಮೂಸಿ ಕೆನ್ನೆ ಒತ್ತಿದರೆ ಕೆನ್ನೆಯನ್ನು, ಗಲ್ಲವನ್ನು ಸವರಿ. ನಾಲ್ಕೈದು ಸೆಕೆಂಡಿಗೊಮ್ಮೆ ಕೈ ತೆಗೆದು ತುಸು ದೂರ ಇಡಿ. ಮತ್ತೆ ಕೈಗೆ ತಲೆ ತಾಗಿಸಿತೋ, ಮುಂದುವರಿಸಿ. ಸುಮ್ಮನೆ ಕೂತಿತೋ, ಮುಖ ತಿರುಗಿಸಿತೋ, ಅಲ್ಲಿಗೆ ಮುಗಿಸಿ. ನನ್ನ ಮಟ್ಟಿಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಕೈ ತೆಗೆಯುವ ಗಳಿಗೆ. ‘ಬೇಡ’ ಎನ್ನಲು ಬೇರೆ ದಾರಿ ಸಿಕ್ಕ ಬೆಕ್ಕು ಹಲ್ಲು ಬಳಸುವುದು ಅಪರೂಪ.

ಹಿಡಿದುಬಿಟ್ಟರೆ ಕೈ ಎಳೆಯಬೇಡಿ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ, ಚರ್ಮ ಸೀಳುತ್ತದೆ. ಕೈಯನ್ನು ಅಲ್ಲಾಡಿಸದೆ ಸಡಿಲ ಬಿಡಿ, ಬಾಯಿ ಬಿಟ್ಟ ಮೇಲೆ ಮೆಲ್ಲಗೆ ಎದ್ದು ಅದು ತಾನಾಗಿ ಕೆಳಗಿಳಿಯುವಂತೆ ಮಾಡಿ. ಹೊಡೆಯುವುದಂತೂ ಕೂಡದು. ಹೊಡೆತದಿಂದ ಬೆಕ್ಕು ಕಲಿಯುವುದು ಆ ಕೈಗೆ ಹೆದರುವುದನ್ನು. ಹೆದರಿದ ಬೆಕ್ಕು ಮುಂದಿನ ಸಲ ಬಾಲ, ಕಿವಿಗಳ ಸೂಚನೆಯನ್ನೆಲ್ಲ ಬಿಟ್ಟು ನೇರ ಕಚ್ಚಬಹುದು. ಇನ್ನೊಂದು ಮಾತು. ವರ್ಷಗಟ್ಟಲೆ ಮುಟ್ಟಿಸಿಕೊಂಡಿದ್ದ ಬೆಕ್ಕು ಹೊಸದಾಗಿ ಕಚ್ಚಲು ಶುರು ಮಾಡಿದರೆ ಸ್ವಭಾವ ಕೆಟ್ಟಿತು ಎನ್ನುವ ಮೊದಲು ಪಶುವೈದ್ಯರಿಗೆ ತೋರಿಸಿ. ವಯಸ್ಸಾದ ಬೆಕ್ಕುಗಳಲ್ಲಿ ಕೀಲುಸವೆತ ಬಹಳ ಸಾಮಾನ್ಯ. ಸೊಂಟದ ಮೇಲೆ ಕೈ ಆಡಿಸಿದರೆ ಅವಕ್ಕೆ ನೋಯುತ್ತದೆ. ಹಲ್ಲಿನ ರೋಗ, ಕಿವಿಯ ಸೋಂಕು, ಚಿಗಟದ ಅಲರ್ಜಿ ಇದ್ದರೂ ಹಾಗೆಯೇ.

ಎರಡನೆಯ ಬಗೆಯ ಕಡಿತ ಇದಕ್ಕಿಂತ ಗಂಭೀರ. ಅಲ್ಲಿ ಬೆಕ್ಕಿನ ಸಿಟ್ಟು ಕಚ್ಚಿಸಿಕೊಂಡವರ ಮೇಲೆ ಇರುವುದೇ ಇಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತೇವಲ್ಲ, ಇಲ್ಲಿ ಕೊತ್ತಿಯೇ ತನ್ನ ಕೋಪವನ್ನು ಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತದೆ. ಬಾರ್ಸಿಲೋನಾದ ಪಶುವೈದ್ಯರು 2008ರಲ್ಲಿ ಇಂಥ ಪ್ರಕರಣಗಳನ್ನು ಕಲೆಹಾಕಿ ನೋಡಿದಾಗ ಬಹುಪಾಲು ಎರಡೇ ಕಾರಣಗಳಿಗೆ ಬಂದು ನಿಂತವು: ಜೋರಾದ ಸದ್ದು, ಮತ್ತು ಇನ್ನೊಂದು ಬೆಕ್ಕಿನೊಂದಿಗಿನ ಮುಖಾಮುಖಿ. ನಮ್ಮಲ್ಲಿ ಮೊದಲನೆಯದಕ್ಕೆ ದೀಪಾವಳಿ ಇದೆ, ಎರಡನೆಯದಕ್ಕೆ ಕಾಂಪೌಂಡ್ ಗೋಡೆಯ ಮೇಲೆ ಓಡಾಡುವ ಗಂಡುಬೆಕ್ಕುಗಳಿವೆ.

ಮೈಸೂರಿನಲ್ಲಿ ನನಗೆ ಪರಿಚಯದ ಒಂದು ಮನೆಯ ಸಂಗತಿ ಹೇಳುತ್ತೇನೆ. ಒಂದೇ ಸೂಲಿನ ಎರಡು ಹೆಣ್ಣುಬೆಕ್ಕುಗಳು, ಎರಡಕ್ಕೂ ಸಂತಾನಹರಣ ಚಿಕಿತ್ಸೆ ಆಗಿತ್ತು, ಮರಿಗಳಾಗಿದ್ದಾಗಿನಿಂದ ಒಂದೇ ಮೆತ್ತೆಯ ಮೇಲೆ ಮಲಗಿದವು. ದೀಪಾವಳಿಯ ರಾತ್ರಿ ರಾಕೆಟ್ ಒಂದು ಬಾಲ್ಕನಿಯ ಸರಳಿಗೆ ಬಡಿದು ಸಿಡಿಯಿತು. ಕಿಟಕಿಯ ಹತ್ತಿರವಿದ್ದ ಬೆಕ್ಕು ರೋಮ ನಿಗುರಿಸಿ ಹಾರಿತು, ಎದುರಿಗೆ ಸಿಕ್ಕ ತಂಗಿಯ ಮೇಲೆ ಬಿತ್ತು. ಬಿಡಿಸಲು ಹೋದ ಮನೆಯೊಡತಿಯ ಹೆಬ್ಬೆರಳಿನ ಬುಡಕ್ಕೆ ಹಲ್ಲು ಆಳವಾಗಿ ಇಳಿಯಿತು. ಎರಡು ಬೆಕ್ಕುಗಳ ಜಗಳಕ್ಕೆ ಬರಿಗೈ ಹಾಕಬಾರದು. ದಪ್ಪ ಕಂಬಳಿ ಎಸೆಯಬೇಕು, ಇಲ್ಲವೇ ರಟ್ಟು, ದಿಂಬು, ಏನಾದರೂ ಒಂದನ್ನು ನಡುವೆ ತೂರಿಸಬೇಕು. ಆ ಗಾಬರಿಯಲ್ಲಿ ಯಾರಿಗೂ ಅದು ಹೊಳೆಯುವುದಿಲ್ಲ ಎಂಬುದೂ ನಿಜ.

ಬೆಳಗಾಗುವಷ್ಟರಲ್ಲಿ ಕೈ ಊದಿತ್ತು. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣದು, ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಆಳದ ತನಕ ಹೋಗಿರುತ್ತದೆ. ಒಂದು ದಿನದೊಳಗೆ ಕೆಂಪು, ಊತ, ನೋವು ಶುರುವಾಗಬಹುದು, ಬೆರಳಿನ ಕೀಲಿಗೆ ಇಳಿದರೆ ಅಪಾಯ. ಕಚ್ಚಿದ ಕೂಡಲೇ ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ, ಆದ್ದರಿಂದ ಆ ಚುಚ್ಚುಮದ್ದು ಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದವರು ವೈದ್ಯರೇ. ಬೆಕ್ಕನ್ನು 10 ದಿನ ಗಮನಿಸುವುದು ಸರಿ, ಆದರೆ ಅದಕ್ಕಾಗಿ ಚುಚ್ಚುಮದ್ದನ್ನು ಮುಂದೂಡುವುದು ತಪ್ಪು.

ಕೈ ವಾಸಿಯಾಯಿತು. ಬೆಕ್ಕುಗಳ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಮರುದಿನ ಮಧ್ಯಾಹ್ನ ಎರಡೂ ಶಾಂತವಾಗಿ ಮಲಗಿದ್ದು ಕಂಡು ಮನೆಯವರು ನಡುವಿನ ಬಾಗಿಲು ತೆರೆದರು. ಒಂದನ್ನೊಂದು ಕಂಡ ತಕ್ಷಣ ಬುಸುಗುಟ್ಟಿ ಮತ್ತೆ ಜಗಳ. ಹೀಗಾಗುವುದಕ್ಕೆ ಎರಡು ಕಾರಣ. ಹೆದರಿಕೆಯಲ್ಲಿ ಕೆರಳಿದ ಮೈ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇಳಿಯುವುದಿಲ್ಲ, ಮಲಗಿದ ಮಾತ್ರಕ್ಕೆ ಇಳಿಯಿತೆಂದು ಹೇಳಲಾಗದು. ಜೊತೆಗೆ, ಆ ಭಯಂಕರ ಸದ್ದು ಬೆಕ್ಕಿನ ನೆನಪಿನಲ್ಲಿ ತಂಗಿಯ ಮುಖಕ್ಕೆ ಅಂಟಿಕೊಂಡಿರುತ್ತದೆ. ತಂಗಿಗಾದರೋ ಅಕ್ಕ ಕಾರಣವಿಲ್ಲದೆ ಮೇಲೆ ಬಿದ್ದವಳು. ಒಂದೇ ಕೋಣೆಯಲ್ಲಿ ಬಿಟ್ಟರೆ ತಾವೇ ಸರಿಹೋಗುತ್ತವೆ ಎಂಬ ನಂಬಿಕೆಯಿಂದ ಪ್ರತಿ ಜಗಳವೂ ಆ ಗಂಟನ್ನು ಬಿಗಿ ಮಾಡುತ್ತದೆ.

ಪಶುವೈದ್ಯರ ಸಲಹೆಯಂತೆ ಅವನ್ನು ಬೇರೆ ಬೇರೆ ಕೋಣೆಗೆ ಹಾಕಿದರು. ಪ್ರತಿಯೊಂದಕ್ಕೂ ಪ್ರತ್ಯೇಕ ನೀರು, ಊಟ, ಮರಳಿನ ಟ್ರೇ, ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಸರಿಯಾಗಿ ತಿನ್ನುವುದು, ಮೈ ನೆಕ್ಕಿಕೊಳ್ಳುವುದು, ಕಣ್ಣಿನ ಪಾಪೆ ಮಾಮೂಲಿಗೆ ಬರುವುದು, ತಾನಾಗಿ ಬಂದು ಕಾಲಿಗೆ ಉಜ್ಜುವುದು, ಇಷ್ಟೂ ಕಂಡ ಮೇಲೆಯೇ ಮುಂದಿನ ಹೆಜ್ಜೆ. ಒಂದರ ಕೆನ್ನೆಗೆ ಉಜ್ಜಿದ ಬಟ್ಟೆಯನ್ನು ಇನ್ನೊಂದರ ಹತ್ತಿರ ಇಟ್ಟರು. ಮುಚ್ಚಿದ ಬಾಗಿಲಿನ ಆಚೆ ಈಚೆ ಊಟದ ತಟ್ಟೆ ಇಟ್ಟು, ದಿನದಿನಕ್ಕೆ ಸ್ವಲ್ಪ ಹತ್ತಿರ ತಂದರು. ಆಮೇಲೆ ಬಾಗಿಲು ಎರಡು ಬೆರಳಗಲ ತೆರೆದು, ಕಣ್ಣಿಗೆ ಕಾಣುವಂತೆ, ಊಟ ಮುಗಿಯುವ ತನಕ ಮಾತ್ರ. ಯಾವುದಾದರೂ ತಿನ್ನುವುದು ಬಿಟ್ಟು ಎವೆಯಿಕ್ಕದೆ ನೋಡತೊಡಗಿದರೆ ಹಿಂದಿನ ಹೆಜ್ಜೆಗೆ ವಾಪಸ್. ಹೀಗೆ ವಾರಗಳೇ ಹಿಡಿದವು.

ಕಿಟಕಿಯ ಗಂಡುಬೆಕ್ಕಿನ ವಿಷಯ ಇದಕ್ಕಿಂತ ಮೋಸದ್ದು, ಏಕೆಂದರೆ ಕಾರಣ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಮುಗಿಸಿ ಮನೆಗೆ ಬರುತ್ತೀರಿ, ಬೆಕ್ಕು ಕಿಟಕಿಯಲ್ಲಿ ಕೂತಿದೆ, ಪ್ರೀತಿಯಿಂದ ಬೆನ್ನು ಮುಟ್ಟುತ್ತೀರಿ, ಅದು ತಿರುಗಿ ಕಚ್ಚುತ್ತದೆ. ಹೊರಗಿನ ಬೆಕ್ಕು ಅಷ್ಟರಲ್ಲಿ ಹೋಗಿಯಾಗಿರುತ್ತದೆ. ಹೊರಗೆ ದಿಟ್ಟಿಸಿ, ಬಾಲ ಬಡಿಯುತ್ತಾ, ಗಂಟಲಲ್ಲೇ ಗುರ್ ಎನ್ನುತ್ತಿರುವ ಬೆಕ್ಕನ್ನು ಮುಟ್ಟಲೂ ಬೇಡಿ, ಎತ್ತಲೂ ಬೇಡಿ, ಸಮಾಧಾನ ಮಾಡಲೂ ಹೋಗಬೇಡಿ. ದೀಪ ಆರಿಸಿ, ಬಾಗಿಲು ಮುಚ್ಚಿ, ಒಂಟಿಯಾಗಿ ಬಿಡಿ. ಕಿಟಕಿಯ ಕೆಳಗಿನ ಅರ್ಧಕ್ಕೆ ಹಾಲುಬಿಳುಪಿನ ಹಾಳೆ ಅಂಟಿಸಿದರೆ ಬೆಳಕು ಬರುತ್ತದೆ, ಗೋಡೆಯ ಮೇಲಿನ ಬೆಕ್ಕು ಕಾಣುವುದಿಲ್ಲ. ಬೀದಿಬೆಕ್ಕುಗಳಿಗೆ ಊಟ ಹಾಕುವವರು ಅದನ್ನು ಕಿಟಕಿಯ ಕೆಳಗಲ್ಲ, ದೂರದಲ್ಲಿ ಹಾಕಬೇಕು. ಪಟಾಕಿಯ ರಾತ್ರಿಗಳಲ್ಲಿ ಸಂಜೆಯೇ ಒಳಗಿನ ಕೋಣೆಯಲ್ಲಿ ಬಿಟ್ಟು, ಎರಡಿದ್ದರೆ ಬೇರೆ ಬೇರೆ ಇಟ್ಟು, ಕಿಟಕಿ ಮುಚ್ಚಿಬಿಡುವುದು ಒಳ್ಳೆಯದು.

ಮೈಸೂರಿನ ಆ ಎರಡು ಬೆಕ್ಕುಗಳು ಈಗ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇವೆ, ಆದರೆ ಒಂದೇ ಮೆತ್ತೆಯ ಮೇಲೆ ಮಲಗುವುದಿಲ್ಲ. ಕೆಲವು ಜೋಡಿಗಳಿಗೆ ತಿಂಗಳುಗಳು ಬೇಕಾಗುತ್ತವೆ, ಆತಂಕ ಇಳಿಸುವ ಔಷಧಿಯನ್ನು ಪಶುವೈದ್ಯರು ಜೊತೆಗೆ ಕೊಡಬೇಕಾಗುತ್ತದೆ. ಕೆಲವು ಜೋಡಿಗಳಿಗೆ ಅದೂ ಸಾಲದು. ಅಂಥವನ್ನು ಒಂದೇ ಮನೆಯ ಬೇರೆ ಬೇರೆ ಭಾಗಗಳಲ್ಲಿ ಶಾಶ್ವತವಾಗಿ ಇಡಬೇಕಾಗುತ್ತದೆ, ಅಥವಾ ಒಂದಕ್ಕೆ ಬೇರೆ ಮನೆ ಹುಡುಕಬೇಕಾಗುತ್ತದೆ.