ನಡುರಾತ್ರಿಯ ಬಾವು: ಹರಳೋ, ಕೀವೋ?

ಮಲಗುವಾಗ ಕಾಲಿನಲ್ಲಿ ಯಾವ ನೋವೂ ಇರುವುದಿಲ್ಲ. ನಡುರಾತ್ರಿ ಎರಡು ಗಂಟೆಯ ಸುಮಾರಿಗೆ ಹೆಬ್ಬೆರಳಿನ ಬುಡದಲ್ಲಿ ಕೆಂಡವಿಟ್ಟಂತಾಗಿ ಎಚ್ಚರವಾಗುತ್ತದೆ. ಹೊದಿಕೆಯ ಅಂಚು ತಾಗಿದರೂ ಸಹಿಸಲಾಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಕೀಲು ಬಾತು ಕೆಂಪೇರಿ, ಚರ್ಮವು ಎಳೆದು ಕಟ್ಟಿದಂತೆ ಮಿಂಚುತ್ತಿರುತ್ತದೆ. ಥಾಮಸ್ ಸಿಡನ್‌ಹ್ಯಾಮ್ ಎಂಬ ಇಂಗ್ಲಿಷ್ ವೈದ್ಯನು ತಾನೇ ಅನುಭವಿಸಿದ ಈ ಬೇನೆಯನ್ನು 1683ರಲ್ಲಿ ಹೆಚ್ಚುಕಡಿಮೆ ಹೀಗೆಯೇ ವರ್ಣಿಸಿದ್ದಾನೆ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದ ವ್ಯಾಧಿಗೆ ವಾತರಕ್ತವೆಂದು ಹೆಸರು. ಇಂದಿನ ವೈದ್ಯರು ಇದನ್ನು ಗೌಟ್ ಎನ್ನುತ್ತಾರೆ.

ಆದರೆ ಕೀಲಿನಲ್ಲಿಯೋ ಅದರ ಸುತ್ತಲಿನ ಮಾಂಸದಲ್ಲಿಯೋ ರೋಗಾಣು ಸೇರಿ ಕೀವಾಗತೊಡಗಿದರೂ ಬೆರಳು ಹೀಗೆಯೇ ಬಾಯುತ್ತದೆ, ಹೀಗೆಯೇ ಕೆಂಪಾಗುತ್ತದೆ. ಒಂದರ ಔಷಧವು ಇನ್ನೊಂದಕ್ಕೆ ಸಲ್ಲದು. ನಾವು ವೈದ್ಯರಲ್ಲ, ಗಡಹಿಂಗ್ಲಜ ತಾಲೂಕಿನ ಹಳ್ಳಿಯೊಂದರ ಶಾಲೆಯ ಮುಖ್ಯಾಧ್ಯಾಪಕರು. ಆದರೂ ಈ ಎರಡನ್ನೂ ನಮ್ಮ ಮನೆತನದಲ್ಲಿಯೇ ಕಂಡೆವು. ಅದರಲ್ಲಿ ನಮ್ಮದೊಂದು ತಪ್ಪೂ ಇರುವುದರಿಂದ ಇದನ್ನು ಬರೆಯುತ್ತಿದ್ದೇವೆ.

ಮೂರು ವರ್ಷಗಳ ಹಿಂದಿನ ಮೇ ತಿಂಗಳಲ್ಲಿ ಕೊಲ್ಹಾಪುರದ ಸ್ನೇಹಿತರೊಬ್ಬರ ಮನೆಯ ಮದುವೆಗೆ ಹೋಗಿದ್ದೆವು. ಮರುದಿನ ಮಧ್ಯಾಹ್ನ ಮಾಂಸದೂಟ. ಕೊಲ್ಹಾಪುರದವರು ತಾಂಬಡಾ ರಸ್ಸಾ, ಪಾಂಢರಾ ರಸ್ಸಾಗಳನ್ನು ಬಡಿಸುವ ಪ್ರೀತಿಯನ್ನು ಬಲ್ಲವರೇ ಬಲ್ಲರು, ನಾವೂ ಬೇಡವೆನ್ನಲಿಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದೆವು, ನೀರು ಕುಡಿದದ್ದು ಕಡಿಮೆ. ಬಸ್ಸಿಗೆ ಕಾಯುತ್ತ ಎರಡು ಲೋಟ ಕಬ್ಬಿನ ಹಾಲು ಕುಡಿದೆವು. ರಕ್ತದೊತ್ತಡಕ್ಕಾಗಿ ದಿನವೂ ನುಂಗುವ ಗುಳಿಗೆಯಲ್ಲಿ ಮೂತ್ರವನ್ನು ಹೆಚ್ಚಿಸುವ ಔಷಧವೂ ಸೇರಿತ್ತು. ಆ ರಾತ್ರಿಯೇ ಬಲಗಾಲಿನ ಹೆಬ್ಬೆರಳು ನಮ್ಮನ್ನು ಎಬ್ಬಿಸಿತು. ಚೇಳು ಕಡಿಯಿತೆಂದು ದೀಪ ಹಾಕಿ ಹಾಸಿಗೆಯನ್ನೆಲ್ಲ ಹುಡುಕಿದೆವು.

ಮರುದಿನ ಹತ್ತಿರದ ವೈದ್ಯರು ನೋಡಿ ಕೀವಿನ ಬಾವೆಂದು ತಿಳಿದು ಐದು ದಿನಗಳ ಮಟ್ಟಿಗೆ ರೋಗಾಣುನಾಶಕ ಗುಳಿಗೆ ಕೊಟ್ಟರು. ಸಂಶಯಕ್ಕೆಂದು ರಕ್ತದ ಯೂರಿಕ್ ಆಮ್ಲವನ್ನೂ ಪರೀಕ್ಷಿಸಿದರು. ಅದು 100 ಮಿಲಿಲೀಟರಿಗೆ 6.3 ಮಿಲಿಗ್ರಾಮ್ ಇತ್ತು. ವರದಿಯಲ್ಲಿ 7ರ ಒಳಗಿದ್ದರೆ ಸರಿಯೆಂದು ಅಚ್ಚಾಗಿದ್ದರಿಂದ ಗೌಟ್ ಅಲ್ಲವೆಂದಾಯಿತು. ಎಂಟನೆಯ ದಿನ ಬಾವು ಇಳಿಯಿತು, ಚರ್ಮ ಸುಲಿಯಿತು. ಗುಣವಾದದ್ದು ಗುಳಿಗೆಯಿಂದಲೇ ಎಂದು ನಾವು ನಂಬಿದೆವು. ಗೌಟಿನ ಬಾವು ಯಾವ ಔಷಧವಿಲ್ಲದೆಯೂ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆಂಬುದು ಆಗ ತಿಳಿದಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಅದೇ ಬೆರಳು ಮತ್ತೆ ಬಾತಿತು. ಈ ಸಲ ಕೊಲ್ಹಾಪುರದ ತಜ್ಞರೊಬ್ಬರು ಸಣ್ಣ ಸೂಜಿಯಿಂದ ಕೀಲಿನ ನೀರನ್ನು ಸೆಳೆದರು. ಬಂದದ್ದು ಎರಡು ಹನಿ ಮಾತ್ರ, ಅಷ್ಟೇ ಸಾಕಾಯಿತು. ಒಂದು ಹನಿಯನ್ನು ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸೂಜಿಯಂಥ ಮೊನಚಾದ ಹರಳುಗಳು ಹೊಳೆದವು. ಇನ್ನೊಂದು ಹನಿಯಲ್ಲಿ ರೋಗಾಣು ಬೆಳೆಯುವುದೋ ಎಂದು ಎರಡು ದಿನ ಕಾದರು, ಬೆಳೆಯಲಿಲ್ಲ. ಕೀಲಿನ ನೀರಿನಲ್ಲಿ ಈ ಹರಳುಗಳನ್ನು ಹೀಗೆ ಗುರುತಿಸುವ ಕ್ರಮವನ್ನು ಅಮೇರಿಕೆಯ ಮ್ಯಾಕಾರ್ಟಿ ಮತ್ತು ಹಾಲಂಡರ್ ಎಂಬ ವೈದ್ಯರು 1961ರಲ್ಲಿ ತೋರಿಸಿಕೊಟ್ಟರು. ನಿಶ್ಚಿತವಾದ ನಿರ್ಣಯಕ್ಕೆ ಇಂದಿಗೂ ಅದೇ ಆಧಾರ.

ಈ ಹರಳು ಬರುವುದೆಲ್ಲಿಂದ? ನಮ್ಮ ದೇಹದ ಜೀವಕೋಶಗಳು ಸವೆದು ಹೊಸದಾಗುವಾಗ ಪ್ಯೂರಿನ್ ಎಂಬ ವಸ್ತು ಒಡೆದು ಯೂರಿಕ್ ಆಮ್ಲವಾಗುತ್ತದೆ. ಅದರ ಹೆಚ್ಚಿನ ಪಾಲು ದೇಹದಲ್ಲಿಯೇ ಹುಟ್ಟುತ್ತದೆ. ಆಹಾರದಿಂದ ಬರುವುದು ಸುಮಾರು ಮೂರನೆಯ ಒಂದು ಪಾಲು. ಹುಟ್ಟಿದ್ದನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡಗಳ ಕೆಲಸ, ಗೌಟ್ ಬರುವವರಲ್ಲಿ ಬಹುಮಂದಿಗೆ ಈ ಕೆಲಸವೇ ಕುಂದಿರುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಸುಮಾರು 6.8 ಮಿಲಿಗ್ರಾಮನ್ನು ಮೀರಿದರೆ, ನೀರಿನಲ್ಲಿ ಸಕ್ಕರೆ ಹೆಚ್ಚಾದಾಗ ತಳದಲ್ಲಿ ಹರಳುಗಟ್ಟುವಂತೆ, ಕೀಲುಗಳಲ್ಲಿ ಹರಳುಗಟ್ಟಬಹುದು. ತಣ್ಣಗಾದಷ್ಟೂ ಹರಳುಗಟ್ಟುವುದು ಸುಲಭ. ದೇಹದಲ್ಲಿ ತಂಪಾದ ಭಾಗ ಪಾದದ ತುದಿ, ತಂಪಾದ ಹೊತ್ತು ನಡುರಾತ್ರಿ. ಅದಲ್ಲದೆ ದಿನವಿಡೀ ನಮ್ಮ ಭಾರವನ್ನು ಹೊತ್ತು ಸವೆಯುವ ಕೀಲು ಹೆಬ್ಬೆರಳಿನದು. ಅಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿದ್ದ ಹರಳು ಒಂದು ರಾತ್ರಿ ಕದಲಿದೊಡನೆ ರಕ್ತದ ಬಿಳಿಯ ಕಣಗಳು ಶತ್ರು ಬಂದಂತೆ ಅದರ ಮೇಲೇರಿ ಹೋಗುತ್ತವೆ. ಬಾವು ಮತ್ತು ಉರಿ ಆ ಯುದ್ಧದ ಫಲ.

ಹೀಗಾಗಿ ಔತಣದೂಟವು ರೋಗದ ಮೂಲವಲ್ಲ, ಕಿಡಿ ಮಾತ್ರ. ನಮ್ಮ ವಿಷಯದಲ್ಲಿ ಒಂದೇ ದಿನ ನಾಲ್ಕು ಕಿಡಿಗಳು ಕೂಡಿದವು: ಮಾಂಸದ ರಸ, ಬಾಯಾರಿಕೆ, ಮೂತ್ರದ ಗುಳಿಗೆ ಮತ್ತು ಕಬ್ಬಿನ ಹಾಲು. ಕೊನೆಯದನ್ನು ಕೇಳಿ ನಮ್ಮ ಸೀಮೆಯವರಿಗೆ ಆಶ್ಚರ್ಯವಾಗಬಹುದು. ಸಕ್ಕರೆಯ ಅರ್ಧ ಪಾಲು ಫ್ರಕ್ಟೋಸ್. ಯಕೃತ್ತು ಅದನ್ನು ಅರಗಿಸುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಮದ್ಯ, ಅದರಲ್ಲಿಯೂ ಬಿಯರ್, ಇನ್ನೂ ದೊಡ್ಡ ಕಿಡಿ. ಯಕೃತ್ತಿನ ಮಾಂಸ, ಕೆಲವು ಜಾತಿಯ ಮೀನು, ಬೆರಳಿಗೆ ತಾಗಿದ ಪೆಟ್ಟು, ಶಸ್ತ್ರಚಿಕಿತ್ಸೆ, ದೀರ್ಘ ಉಪವಾಸ ಇವೂ ಕಿಡಿಗಳೇ. ಇದಕ್ಕೆ ಪ್ರತಿಯಾಗಿ, ಹಳ್ಳಿಯಲ್ಲಿ ನಮಗೆ ಬಿಡಿಸಿದ ತೊಗರಿಬೇಳೆ ಮತ್ತು ಪಾಲಕದಿಂದ ಗೌಟ್ ಹೆಚ್ಚುವುದಿಲ್ಲ. ಮಜ್ಜಿಗೆಯನ್ನು ಬಿಡುವ ಕಾರಣವೂ ಇಲ್ಲ. ರಕ್ತದೊತ್ತಡದ ಗುಳಿಗೆಯನ್ನು ಮಾತ್ರ ನಾವಾಗಿಯೇ ನಿಲ್ಲಿಸಬಾರದು; ನಮ್ಮ ವೈದ್ಯರೇ ಅದನ್ನು ಬೇರೆಯದಕ್ಕೆ ಬದಲಿಸಿದರು.

ಮೊದಲನೆಯ ಸಲ ನಮ್ಮ ರಕ್ತಪರೀಕ್ಷೆ ಸರಿಯಾಗಿದ್ದುದೇಕೆ ಎಂದು ಕೇಳಿದೆವು. ಬಾವು ಏರಿದ ದಿನಗಳಲ್ಲಿ ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಹೆಚ್ಚಾಗಿ ಹೊರಹಾಕುವುದುಂಟು, ಆದುದರಿಂದ ಕೆಲವರ ರಕ್ತದಲ್ಲಿ ಅದು ಆಗ ಕಡಿಮೆ ಕಾಣುತ್ತದೆಂದು ಅವರು ತಿಳಿಸಿದರು. ಬಾವು ಇಳಿದ ಎರಡು ವಾರಗಳ ಮೇಲೆ ಪರೀಕ್ಷಿಸಿದಾಗ ನಮ್ಮದು 8.9 ಇತ್ತು. ಇದಕ್ಕೆ ವಿರುದ್ಧವಾಗಿ, ಆಮ್ಲ ಹೆಚ್ಚಿದ್ದರೂ ಜನ್ಮದಲ್ಲಿ ಒಮ್ಮೆಯೂ ಬೆರಳು ಬಾಯದವರು ಬಹಳ. ಆದುದರಿಂದ ರಕ್ತದ ಒಂದು ಅಂಕಿಯಿಂದ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳುವಂತಿಲ್ಲ.

ಮೂತ್ರಪಿಂಡಗಳು ಸರಿಯಾಗಿವೆಯೆಂದು ನೋಡಿದ ಮೇಲೆ ಅವರು ನಮಗೆ ಕಾಲ್ಚಿಸಿನ್ ಎಂಬ ಔಷಧವನ್ನು ಕೊಟ್ಟರು: ಅರ್ಧ ಮಿಲಿಗ್ರಾಮಿನ ಎರಡು ಗುಳಿಗೆ, ತಾಸಿನ ಬಳಿಕ ಇನ್ನೊಂದು, ಮರುದಿನದಿಂದ ದಿನಕ್ಕೆ ಎರಡು. ಹೆಚ್ಚು ನುಂಗಿದರೆ ಭೇದಿಯಾಗುತ್ತದೆ, ಅತಿಯಾದರೆ ಪ್ರಾಣಕ್ಕೇ ಅಪಾಯ. ಜೊತೆಗೆ ನೋವಿನ ಗುಳಿಗೆ, ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಬರ್ಫ. ಎರಡೇ ದಿನಗಳಲ್ಲಿ ನಾವು ಚಪ್ಪಲಿ ಮೆಟ್ಟಿದೆವು. ಉಳಿದ ಗುಳಿಗೆಗಳನ್ನು ಡಬ್ಬಿಯಲ್ಲಿ ಹಾಕಿ ಮಾಡದಲ್ಲಿಟ್ಟೆವು. ನಮ್ಮ ತಪ್ಪಿಗೆ ಅದೇ ಮೊದಲಾಯಿತು.

ನಮ್ಮ ಚಿಕ್ಕಪ್ಪನ ಮಗನು ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ಕೆಲಸ ಮಾಡುತ್ತಾನೆ. ಮರುವರ್ಷ ಒಂದು ಸಂಜೆ ಅವನ ದೂರವಾಣಿ ಬಂದಿತು. "ಅಣ್ಣಾ, ನಿಮಗ ಆಗಿತ್ತಲ್ಲ, ಅದೇ ಬ್ಯಾನಿ ನನಗೂ ಬಂದೈತಿ. ಹೆಬ್ಬಟ್ಟು ಬಾತು ಕೆಂಪಗಾಗೇತಿ" ಎಂದ. ಶಾಲೆಯಲ್ಲಿ ಮಕ್ಕಳ ಉತ್ತರ ತಿದ್ದುವ ನಾವು ಒಂದೂ ಪ್ರಶ್ನೆ ಕೇಳದೆ, ಬಲ್ಲವರಂತೆ, ಡಬ್ಬಿಯಲ್ಲಿದ್ದ ಗುಳಿಗೆಗಳನ್ನು ಬರುವವರ ಕೈಯಲ್ಲಿ ಕಳುಹಿಸಿಕೊಟ್ಟೆವು. ನೋವು ಕಡಿಮೆಯಾಯಿತೆಂದು ತಿಳಿದು ಅವನು ಮತ್ತೆ ಮಗ್ಗದ ಮುಂದೆ ನಿಂತ. ಐದನೆಯ ದಿನ ಚಳಿ ಹತ್ತಿ ಮೈ ನಡುಗಿತು. ದವಾಖಾನೆಗೆ ಒಯ್ದಾಗ ಕೆಂಪು ಹರಡಿ ಗಿಣ್ಣನ್ನು ದಾಟಿತ್ತು, ರಕ್ತದ ಸಕ್ಕರೆ 380 ಇತ್ತು. ಬೆರಳಿನ ಅಡಿಯಲ್ಲಿ, ತಂತಿಯ ಚೂರು ಚುಚ್ಚಿದ್ದ ಹಳೆಯ ಗಾಯವೊಂದು ಮೇಲೆ ಮುಚ್ಚಿ ಒಳಗೆ ಕೊಳೆತಿತ್ತು. ಎಲುಬಿಗೂ ಕೀವು ತಗಲಿದ್ದರಿಂದ ಬೆರಳನ್ನು ತೆಗೆಯಬೇಕಾಯಿತು. ಬೆರಳು ಹೋಗಿ ಪಾದ ಉಳಿಯಿತು.

ನಾವು ಕೇಳದ ಪ್ರಶ್ನೆಗಳು ಕಷ್ಟದವಾಗಿರಲಿಲ್ಲ. ಬಾವು ಎಷ್ಟು ಹೊತ್ತಿನಲ್ಲಿ ಏರಿತು ಎಂದು ಕೇಳಿದ್ದರೆ, ಮೂರು ದಿನಗಳಿಂದ ಮೆಲ್ಲಮೆಲ್ಲನೆ ಎಂದು ಹೇಳುತ್ತಿದ್ದ. ಗೌಟು ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿಯೊಳಗೇ ತುದಿಗೇರುತ್ತದೆ. ಹಿಂದೆ ಎಂದಾದರೂ ಹೀಗಾಗಿ ತಾನೇ ಇಳಿದಿತ್ತೇ ಎಂದು ಕೇಳಿದ್ದರೆ, ಇಲ್ಲವೆನ್ನುತ್ತಿದ್ದ. ಅಂಗಾಲು, ಬೆರಳ ಸಂದು, ಉಗುರಿನ ಮೂಲೆಗಳಲ್ಲಿ ಗಾಯವಿದೆಯೇ ನೋಡೆಂದಿದ್ದರೆ, ಕಂಡುಬರುತ್ತಿತ್ತು. ಎಂಟು ವರ್ಷಗಳ ಸಕ್ಕರೆ ಕಾಯಿಲೆಯಿಂದ ಅವನ ಪಾದ ಜಡವಾಗಿದ್ದಿತು, ಚುಚ್ಚಿದ್ದೇ ಅವನಿಗೆ ತಿಳಿದಿರಲಿಲ್ಲ. ಅಂಥ ಪಾದದಲ್ಲಿ ನೋವು ಕಡಿಮೆಯಿರುವುದು ಶುಭಲಕ್ಷಣವಲ್ಲ. ನಮ್ಮ ಗುಳಿಗೆಯಂತೂ ಉಳಿದಿದ್ದ ಸ್ವಲ್ಪ ನೋವನ್ನೂ ಜ್ವರವನ್ನೂ ಮರೆಮಾಡಿ, ಕೀವಿಗೆ ನಾಲ್ಕು ದಿನಗಳ ಅವಕಾಶ ಕೊಟ್ಟಿತು.

ಈ ಗುರುತುಗಳೂ ಪೂರ್ಣ ಪ್ರಮಾಣವಲ್ಲವೆಂಬುದನ್ನು ಹೇಳಲೇಬೇಕು. ಗೌಟಿನಲ್ಲಿಯೂ ಮೈ ಬೆಚ್ಚಗಾಗುವುದುಂಟು, ಕೆಂಪು ಪಾದಕ್ಕೆ ಹರಡುವುದುಂಟು. ಗೌಟಿದ್ದ ಕೀಲಿಗೇ ರೋಗಾಣು ಸೇರುವುದೂ ಉಂಟು. ಹರಳು ಕಂಡ ಮಾತ್ರಕ್ಕೆ ಕೀವಿಲ್ಲವೆನ್ನಲಾಗದು. ಆದುದರಿಂದ ಮೊದಲ ಸಲ ಬಾತ ಬೆರಳನ್ನು ಆ ದಿನವೇ ವೈದ್ಯರಿಗೆ ತೋರಿಸಬೇಕು. ಚಳಿಜ್ವರ, ಗಾಯ, ಸಕ್ಕರೆ ಕಾಯಿಲೆ, ಕಾಲ ಮೇಲೇರುವ ಕೆಂಪು ಗೆರೆ ಇವುಗಳಲ್ಲಿ ಒಂದಿದ್ದರೂ ಬೆಳಗಾಗುವ ತನಕ ಕಾಯದೆ ದೊಡ್ಡ ದವಾಖಾನೆಗೆ ಹೋಗಬೇಕು. ಅಲ್ಲಿ ಕೀಲಿನ ನೀರನ್ನು ತೆಗೆದು ನೋಡುವಿರಾ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಈಗ ನಾವು ಆಮ್ಲವನ್ನು ತಗ್ಗಿಸುವ ಅಲೋಪ್ಯೂರಿನಾಲ್ ಗುಳಿಗೆಯನ್ನು ನಿತ್ಯ ನುಂಗುತ್ತೇವೆ. 100 ಮಿಲಿಗ್ರಾಮಿನಿಂದ ಆರಂಭಿಸಿ, ಅಂಕಿ 6ರ ಕೆಳಗಿಳಿಯುವವರೆಗೆ ವೈದ್ಯರು ಮೆಲ್ಲಗೆ ಏರಿಸಿದರು. ಹಳೆಯ ಹರಳು ಕರಗುವಾಗ ಮೊದಲ ಕೆಲವು ತಿಂಗಳು ಬೆರಳು ಒಮ್ಮೊಮ್ಮೆ ಬಾಯಬಹುದು, ಆಗ ಗುಳಿಗೆಯನ್ನು ಬಿಡಬಾರದೆಂದು ಮುಂದಾಗಿಯೇ ತಿಳಿಸಿ, ಅಷ್ಟು ಕಾಲ ಸ್ವಲ್ಪ ಕಾಲ್ಚಿಸಿನ್ನನ್ನೂ ಜೊತೆಗೆ ಕೊಟ್ಟಿದ್ದರು. ಎರಡು ವರ್ಷಗಳಿಂದ ಬೆರಳು ಸುಮ್ಮನಿದೆ.

ನಮ್ಮ ರೋಗದ ಸುದ್ದಿ ತಿಳಿದ ಊರವರು ಈಗಲೂ ಕುಂಟುತ್ತ ಬಂದು ಆ ಗುಳಿಗೆಯನ್ನು ಕೇಳುವುದುಂಟು. ಡಬ್ಬಿಯನ್ನು ನಾವು ತೆರೆಯುವುದಿಲ್ಲ. ಜಗಲಿಯ ಮೇಲೆ ಕೂರಿಸಿ, ಬೆಳಕಿನತ್ತ ತಿರುಗಿಸಿ, ಮೊದಲು ಅಂಗಾಲು ತೋರಿಸೆನ್ನುತ್ತೇವೆ. ಅನಂತರ ವೈದ್ಯರ ಬಳಿಗೆ ಹೋಗುವ ಬಸ್ಸಿನ ವೇಳೆಯನ್ನು ಹೇಳುತ್ತೇವೆ.